ಲಾಗರಿದಮ್ ಅಂದರೇನು? ಭೂಕಂಪ ಮತ್ತು ಸದ್ದಿನ ಅಂಕಿಗಳನ್ನು ಓದುವ ಬಗೆ

ಓದುಗರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮೊದಲನೆಯದು, ಭೂಕಂಪ 6ರ ಬದಲು 7 ಆದರೆ ಹೆಚ್ಚಾಗುವುದು ಒಂದೇ ಅಂಕ, ಹಾಗಿದ್ದೂ ಮೂವತ್ತು ಪಟ್ಟು ದೊಡ್ಡದು ಅನ್ನುತ್ತಾರಲ್ಲ, ಅದು ಹೇಗೆ? ಎರಡನೆಯದು, ಒಂದು ಸ್ಪೀಕರ್ 80 ಡೆಸಿಬಲ್ ಸದ್ದು ಮಾಡಿದರೆ ಎರಡು ಸ್ಪೀಕರ್ ಸೇರಿ 160 ಯಾಕೆ ಆಗುವುದಿಲ್ಲ? ಈ ಎರಡೂ ಅಳತೆಗಳ ಒಳಗೆ ಲಾಗರಿದಮ್ ಕೂತಿದೆ. ಪಿಯುಸಿಯಲ್ಲಿ ಲಾಗ್ ಟೇಬಲ್ ನೋಡಿ ಲೆಕ್ಕ ಮಾಡಿದ ಎಷ್ಟೋ ಜನರಿಗೆ ಅದು ಯಾತಕ್ಕೆ ಅಂತ ಯಾರೂ ಹೇಳಿರುವುದಿಲ್ಲ. ಇಲ್ಲಿ ಅದನ್ನೇ ಹಂತ ಹಂತವಾಗಿ ನೋಡೋಣ.

ಏನೇನು ಬೇಕು

ಪೆನ್ನು, ಹಾಳೆ, ಮತ್ತು `log`, `10ˣ` ಎಂಬ ಎರಡು ಗುಂಡಿಗಳಿರುವ ಕ್ಯಾಲ್ಕುಲೇಟರ್. ಹೆಚ್ಚಿನ ಮೊಬೈಲ್‌ಗಳಲ್ಲಿ ಕ್ಯಾಲ್ಕುಲೇಟರ್ ತೆರೆದು ಫೋನನ್ನು ಅಡ್ಡ ಹಿಡಿದರೆ ಈ ಗುಂಡಿಗಳು ಕಾಣಿಸುತ್ತವೆ. ಗುಣಾಕಾರ ಗೊತ್ತಿದ್ದರೆ ಸಾಕು, ಬೇರೆ ಗಣಿತ ಬೇಡ.

ಹಂತ 1: ಸೊನ್ನೆಗಳನ್ನು ಎಣಿಸಿ

100ರಲ್ಲಿ ಎರಡು ಸೊನ್ನೆ. ಅದರ ಲಾಗ್ 2. 1000ದ ಲಾಗ್ 3. ಹತ್ತು ಲಕ್ಷದ ಲಾಗ್ 6. ಅಂದರೆ ಲಾಗ್ ಕೇಳುವ ಪ್ರಶ್ನೆ ಇಷ್ಟೇ: ಒಂದರಿಂದ ಶುರು ಮಾಡಿ ಎಷ್ಟು ಸಲ ಹತ್ತರಿಂದ ಗುಣಿಸಿದರೆ ಈ ಸಂಖ್ಯೆ ಸಿಗುತ್ತದೆ? 1 ಬೇಕಿದ್ದರೆ ಒಂದು ಸಲವೂ ಗುಣಿಸಬೇಕಿಲ್ಲ, ಹಾಗಾಗಿ ಅದರ ಲಾಗ್ 0. ಒಂದಕ್ಕಿಂತ ಚಿಕ್ಕ ಸಂಖ್ಯೆ ಬೇಕಿದ್ದರೆ ಹತ್ತರಿಂದ ಭಾಗಿಸುತ್ತಾ ಹೋಗಬೇಕು. ಆಗ ಲಾಗ್ ಮೈನಸ್ ಆಗುತ್ತದೆ. ನೂರನೇ ಒಂದು ಭಾಗದ, ಅಂದರೆ 0.01ರ ಲಾಗ್ −2.

ನಡುವಿನ ಸಂಖ್ಯೆಗಳದ್ದೇನು ಕಥೆ? ಲಾಗ್ 2.5 ಆಗುವ ಸಂಖ್ಯೆ 100 ಮತ್ತು 1000ದ ನಟ್ಟನಡುವೆ, 550ರ ಹತ್ತಿರ ಇರಬೇಕು ಅಂತ ಅನ್ನಿಸಬಹುದು. ಕ್ಯಾಲ್ಕುಲೇಟರ್‌ನಲ್ಲಿ 2.5ಕ್ಕೆ `10ˣ` ಒತ್ತಿ ನೋಡಿ. ಬರುವುದು 316. ಯಾಕೆಂದರೆ ಇಲ್ಲಿ ನಡು ಅನ್ನುವುದು ಗುಣಾಕಾರದ ನಡು. 100ನ್ನು 3.16ರಿಂದ ಗುಣಿಸಿದರೆ 316, ಅದನ್ನು ಮತ್ತೆ 3.16ರಿಂದ ಗುಣಿಸಿದರೆ ಸುಮಾರು 1000. ಅರ್ಧ ಹೆಜ್ಜೆ ಅಂದರೆ 3.16 ಪಟ್ಟು. ಭೂಕಂಪದ ಲೆಕ್ಕದಲ್ಲಿ ಇದು ಮತ್ತೆ ಬರುತ್ತದೆ, ನೆನಪಿಡಿ.

ಇನ್ನೊಂದು ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. 2ರ ಲಾಗ್ 0.301. ಸುಮಾರಾಗಿ 0.3 ಅಂದುಕೊಳ್ಳಿ. ಸದ್ದಿನ ಅರ್ಧ ಲೆಕ್ಕ ಇದೊಂದರಲ್ಲೇ ಮುಗಿಯುತ್ತದೆ.

*ಎಚ್ಚರ:* ಕ್ಯಾಲ್ಕುಲೇಟರ್‌ನಲ್ಲಿ `log` ಪಕ್ಕದಲ್ಲೇ `ln` ಎಂಬ ಗುಂಡಿ ಇರುತ್ತದೆ. ಅದು ಹತ್ತರ ಬದಲು 2.718ನ್ನು ಆಧಾರವಾಗಿ ಇಟ್ಟುಕೊಂಡ ಲಾಗ್. ಪೈಥಾನ್‌ನಲ್ಲಿ ಲೆಕ್ಕ ಮಾಡುವವರು ಇಲ್ಲೇ ಎಡವುತ್ತಾರೆ, ಅಲ್ಲಿ `math.log` ಅಂದರೆ `ln`. ನಮಗೆ ಬೇಕಾದದ್ದು `math.log10`. 1000 ಹಾಕಿ ಪರೀಕ್ಷೆ ಮಾಡಿ. 3 ಬಂದರೆ ಸರಿ, 6.9 ಬಂದರೆ ತಪ್ಪು ಗುಂಡಿ. 0 ಹಾಕಿದರೆ ಎರಡೂ ಕೆಲಸ ಮಾಡುವುದಿಲ್ಲ. ಎಷ್ಟು ಸಲ ಭಾಗಿಸಿದರೂ ಒಂದು ಸೊನ್ನೆ ಆಗುವುದಿಲ್ಲ, ಅಲ್ವಾ? ಹಾಗಾಗಿ ಸೊನ್ನೆಗೆ ಲಾಗ್ ಇಲ್ಲ.

ಹಂತ 2: 'ಎಷ್ಟು ಪಟ್ಟು' ಅನ್ನುವುದನ್ನು 'ಎಷ್ಟು ಜಾಸ್ತಿ' ಮಾಡಿ

ಲಾಗ್‌ನ ನಿಜವಾದ ಉಪಯೋಗ ಈ ಹಂತದಲ್ಲಿದೆ. 100ನ್ನು 1000ದಿಂದ ಗುಣಿಸಿದರೆ ಒಂದು ಲಕ್ಷ. ಸೊನ್ನೆಗಳು 2 ಮತ್ತು 3 ಕೂಡಿ 5 ಆದವು. ಸಂಖ್ಯೆಗಳನ್ನು ಗುಣಿಸಿದಾಗ ಲಾಗ್‌ಗಳು ಕೂಡಿಕೊಳ್ಳುತ್ತವೆ. ಭಾಗಿಸಿದಾಗ ಕಳೆಯುತ್ತವೆ. ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಕೋಷ್ಟಕ ಪ್ರಕಟಿಸಿದ್ದು ಇದೇ ಅನುಕೂಲಕ್ಕೆ. ದೊಡ್ಡ ದೊಡ್ಡ ಗುಣಾಕಾರಗಳನ್ನು ಕೂಡುವ ಲೆಕ್ಕವಾಗಿ ಮಾಡುವುದು ಅವನ ಗುರಿ. ಹತ್ತನ್ನು ಆಧಾರ ಮಾಡಿದ ಕೋಷ್ಟಕಗಳನ್ನು ಮುಂದೆ ಹೆನ್ರಿ ಬ್ರಿಗ್ಸ್ ತಯಾರಿಸಿದ.

ನಮಗೆ ಇಲ್ಲಿ ಬೇಕಾದ ಗುಣ ಇದರಿಂದಲೇ ಹುಟ್ಟುತ್ತದೆ. 1 ಇದ್ದದ್ದು 2 ಆಗಲಿ, 50 ಇದ್ದದ್ದು 100 ಆಗಲಿ, 4000 ಇದ್ದದ್ದು 8000 ಆಗಲಿ, ಲಾಗ್ ಹೆಚ್ಚುವುದು ಒಂದೇ ಸಮ: 0.3. ಮೊದಲು ಎಷ್ಟಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಪಟ್ಟು ಆಯಿತು ಅನ್ನುವುದೊಂದೇ ಮುಖ್ಯ. ಭೂಕಂಪಕ್ಕೆ ಈ ಗುಣ ಯಾಕೆ ಬೇಕಾಯಿತು ಎಂದು ಈಗ ನೋಡೋಣ.

ಹಂತ 3: ರಿಕ್ಟರ್ ಮಾಡಿದ್ದನ್ನು ನೀವೂ ಮಾಡಿ

1930ರ ದಶಕದಲ್ಲಿ ಚಾರ್ಲ್ಸ್ ರಿಕ್ಟರ್ ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪಗಳ ದಾಖಲೆಗಳನ್ನು ಇಟ್ಟುಕೊಂಡು ಕೂತಿದ್ದರು. ಬೇರೆ ಬೇರೆ ಊರುಗಳಲ್ಲಿ ಒಂದೇ ಬಗೆಯ ಯಂತ್ರಗಳಿದ್ದವು. ಅವುಗಳ ಹೆಸರು ವುಡ್-ಆಂಡರ್ಸನ್ ಸೀಸ್ಮೋಗ್ರಾಫ್. ಸೀಸ್ಮೋಗ್ರಾಫ್ ಅಂದರೆ ನೆಲದ ಅಲುಗಾಟವನ್ನು ಹಿಗ್ಗಿಸಿ ಗೆರೆಯಾಗಿ ದಾಖಲಿಸುವ ಯಂತ್ರ. ಪ್ರತಿ ಭೂಕಂಪಕ್ಕೂ ಒಂದೊಂದು ಅಂಕಿ ಕೊಡಬೇಕು ಎಂಬುದು ರಿಕ್ಟರ್ ಅವರ ಉದ್ದೇಶ. ಆದರೆ ಎರಡು ತೊಡಕು ಇದ್ದವು.

ಮೊದಲ ತೊಡಕು ಹರವಿನದು. ಒಂದು ಕಂಪನದ ಗೆರೆ ಕಣ್ಣಿಗೆ ಕಾಣದಷ್ಟು ಸಣ್ಣದು, ಇನ್ನೊಂದರದ್ದು ಅದರ ಸಾವಿರಾರು ಪಟ್ಟು. ಎರಡನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಹಾಕಲು ಆಗುವುದಿಲ್ಲ. ಅವರ ಸಹೋದ್ಯೋಗಿ ಬೆನೊ ಗುಟೆನ್‌ಬರ್ಗ್, ಅಲೆಯ ಎತ್ತರದ ಬದಲು ಅದರ ಲಾಗ್ ಹಾಕಿ ನೋಡಿ ಎಂದು ಸಲಹೆ ಕೊಟ್ಟರು.

ಎರಡನೆಯ ತೊಡಕು ದೂರದ್ದು. ಅದೇ ಭೂಕಂಪ ಹತ್ತಿರದ ಯಂತ್ರದಲ್ಲಿ ದೊಡ್ಡ ಅಲೆ ಬರೆಯುತ್ತದೆ, ದೂರದ ಯಂತ್ರದಲ್ಲಿ ಸಣ್ಣ ಅಲೆ. ಹಾಗಾದರೆ ಯಾವುದನ್ನು ನಂಬುವುದು? ಈ ಪ್ರಶ್ನೆಯನ್ನೂ ಲಾಗ್ ಬಿಡಿಸಿತು. ಒಂದು ಭೂಕಂಪ ಇನ್ನೊಂದಕ್ಕಿಂತ ಹತ್ತು ಪಟ್ಟು ದೊಡ್ಡದಾಗಿದ್ದರೆ, 50 ಕಿಲೋಮೀಟರ್ ದೂರದಲ್ಲೂ ಅದರ ಅಲೆ ಹತ್ತು ಪಟ್ಟು, 200 ಕಿಲೋಮೀಟರ್ ದೂರದಲ್ಲೂ ಹೆಚ್ಚುಕಡಿಮೆ ಹತ್ತು ಪಟ್ಟು. ಅಲೆಗಳು ದೂರಕ್ಕೆ ಕುಗ್ಗುತ್ತವೆ, ಆದರೆ ಎರಡೂ ಒಂದೇ ಬಗೆಯಲ್ಲಿ ಕುಗ್ಗುತ್ತವೆ. ಹಂತ 2ರಲ್ಲಿ ನೋಡಿದಂತೆ, ಪಟ್ಟು ಒಂದೇ ಆದರೆ ಲಾಗ್‌ಗಳ ವ್ಯತ್ಯಾಸವೂ ಒಂದೇ. ಹಾಗಾಗಿ ಲಾಗ್ ಗ್ರಾಫ್‌ನಲ್ಲಿ ಎಲ್ಲ ಭೂಕಂಪಗಳ ಗೆರೆಗಳೂ ಸಮಾನಾಂತರವಾಗಿ ಒಂದರ ಮೇಲೊಂದು ಕೂತವು. ಗೆರೆಗಳ ನಡುವಿನ ಅಂತರವನ್ನೇ ಅಳೆದರೆ ಆಯಿತು, ಯಂತ್ರ ಎಲ್ಲಿದ್ದರೂ ಒಂದೇ ಉತ್ತರ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇದೇ. ದೊಡ್ಡ ಸಂಖ್ಯೆಗಳನ್ನು ಚಿಕ್ಕದು ಮಾಡುವುದು ಇದರ ಮುಂದೆ ಸಣ್ಣ ಲಾಭ.

ಅಂಕಿಗೆ ಒಂದು ಆರಂಭ ಬೇಕಲ್ಲ. 1935ರಲ್ಲಿ ರಿಕ್ಟರ್ ಅದನ್ನು ಹೀಗೆ ಗೊತ್ತು ಮಾಡಿದರು: ಭೂಕಂಪದ ಜಾಗದಿಂದ 100 ಕಿಲೋಮೀಟರ್ ದೂರದ ವುಡ್-ಆಂಡರ್ಸನ್ ಯಂತ್ರದ ಗೆರೆಯಲ್ಲಿ 1 ಮಿಲಿಮೀಟರ್ ಅಲೆ ಬಂದರೆ ಅದರ ಮ್ಯಾಗ್ನಿಟ್ಯೂಡ್ 3. ಭೂಕಂಪ ಹುಟ್ಟಿದ ಜಾಗದಲ್ಲೇ ಅದು ಎಷ್ಟು ದೊಡ್ಡದು ಅನ್ನುವುದರ ಅಂಕಿಯೇ ಮ್ಯಾಗ್ನಿಟ್ಯೂಡ್.

ಈಗ ಲೆಕ್ಕ. 100 ಕಿಲೋಮೀಟರ್ ದೂರದಲ್ಲಿ ಗೆರೆಯ ಎತ್ತರ 23 ಮಿಲಿಮೀಟರ್ ಬಂತು ಅಂದುಕೊಳ್ಳಿ.

```
log 23 = 1.36
1.36 + 3 = 4.36
```

ಅಂದರೆ ಮ್ಯಾಗ್ನಿಟ್ಯೂಡ್ 4.4. ಅದೇ ಭೂಕಂಪ 200 ಕಿಲೋಮೀಟರ್ ದೂರದ ಯಂತ್ರದಲ್ಲಿ ಸುಮಾರು 7.2 ಮಿಲಿಮೀಟರ್ ಅಲೆ ಬರೆಯುತ್ತದೆ. ರಿಕ್ಟರ್ ಕೋಷ್ಟಕದಲ್ಲಿ ಆ ದೂರಕ್ಕೆ ಕೂಡಬೇಕಾದದ್ದು 3ರ ಬದಲು 3.5.

```
log 7.2 = 0.86
0.86 + 3.5 = 4.36
```

ಅದೇ ಉತ್ತರ ಬಂತು. ದೂರದ ತಿದ್ದುಪಡಿ ಒಂದು ಕೂಡುವ ಲೆಕ್ಕದಲ್ಲಿ ಮುಗಿಯಿತು. ಆದರೆ ಈ ಕೋಷ್ಟಕ ಕ್ಯಾಲಿಫೋರ್ನಿಯಾದ ನೆಲಕ್ಕೆ ಮಾಡಿದ್ದು. ಬೇರೆ ಕಡೆಯ ಕಲ್ಲು, ಮಣ್ಣು ಅಲೆಯನ್ನು ಬೇರೆ ರೀತಿ ಕುಗ್ಗಿಸುತ್ತದೆ, ಅಲ್ಲಿಗೆ ಬೇರೆ ಕೋಷ್ಟಕ ಬೇಕು.

*ಎಚ್ಚರ:* ಸೊನ್ನೆ ಮ್ಯಾಗ್ನಿಟ್ಯೂಡ್ ಅಂದರೆ ಭೂಕಂಪ ಇಲ್ಲ ಅಂತ ಅರ್ಥವಲ್ಲ. 100 ಕಿಲೋಮೀಟರ್ ದೂರದಲ್ಲಿ ಗೆರೆಯ ಅಲೆ ಮಿಲಿಮೀಟರಿನ ಸಾವಿರದ ಒಂದು ಭಾಗ ಇದ್ದರೆ ಅದು ಸೊನ್ನೆ. ಅದಕ್ಕಿಂತ ಸಣ್ಣ ಕಂಪನಗಳೂ ಇವೆ, ಅವುಗಳ ಮ್ಯಾಗ್ನಿಟ್ಯೂಡ್ ಮೈನಸ್‌ನಲ್ಲಿ ಬರುತ್ತದೆ.

ಹಂತ 4: ಎರಡು ಭೂಕಂಪಗಳನ್ನು ಹೋಲಿಸಿ

ಕಿಲ್ಲಾರಿ ಮತ್ತು ಭುಜ್ ತೆಗೆದುಕೊಳ್ಳೋಣ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದದ್ದು 6.2. ಉತ್ತರ ಕರ್ನಾಟಕದ ಹಿರಿಯರು ಅದನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. 2001ರ ಜನವರಿ 26ರಂದು ಗುಜರಾತಿನ ಭುಜ್ ಬಳಿ ಆದದ್ದು 7.7. ಇವೆರಡನ್ನೂ ಮೊಮೆಂಟ್ ಮ್ಯಾಗ್ನಿಟ್ಯೂಡ್ ಎಂಬ ಈಗಿನ ಅಳತೆಯಲ್ಲಿ ಹೇಳಿದ್ದೇನೆ. ಎಷ್ಟು ದೊಡ್ಡ ಬಿರುಕು ಎಷ್ಟು ದೂರ ಜಾರಿತು ಎಂಬುದರಿಂದ ಲೆಕ್ಕ ಹಾಕುವ ಅಳತೆ ಅದು. ಹ್ಯಾಂಕ್ಸ್ ಮತ್ತು ಕನಮೊರಿ 1979ರಲ್ಲಿ ಅದನ್ನು ಮುಂದಿಟ್ಟರು. ಅಂಕಿಗಳು ಹಳೆಯ ರಿಕ್ಟರ್ ಅಂಕಿಗಳಿಗೆ ಹೊಂದುವಂತೆ ನೋಡಿಕೊಂಡರು.

ಮೊದಲು ಅಂಕಿಗಳನ್ನು ಕಳೆಯಿರಿ: 7.7 − 6.2 = 1.5. ಇಲ್ಲಿಂದ ಎರಡು ದಾರಿ.

ಅಲೆಯ ಎತ್ತರ ಎಷ್ಟು ಪಟ್ಟು ಅಂತ ಬೇಕಿದ್ದರೆ ವ್ಯತ್ಯಾಸಕ್ಕೆ ನೇರವಾಗಿ `10ˣ` ಒತ್ತಿ. ಬಿಡುಗಡೆಯಾದ ಶಕ್ತಿ ಎಷ್ಟು ಪಟ್ಟು ಅಂತ ಬೇಕಿದ್ದರೆ ವ್ಯತ್ಯಾಸವನ್ನು ಮೊದಲು 1.5ರಿಂದ ಗುಣಿಸಿ, ಆಮೇಲೆ ಒತ್ತಿ.

```
ಅಲೆಯ ಎತ್ತರ: 10^1.5 = 32 ಪಟ್ಟು
ಶಕ್ತಿ: 10^(1.5 × 1.5) = 10^2.25 = 178 ಪಟ್ಟು
```

ಶಕ್ತಿಗೆ ಈ ಒಂದೂವರೆಯ ಗುಣಾಕಾರ ಯಾಕೆ? ದೊಡ್ಡ ಭೂಕಂಪದಲ್ಲಿ ಅಲೆ ಎತ್ತರವಾಗುವುದರ ಜೊತೆಗೆ ಬಿರುಕು ಉದ್ದವಾಗುತ್ತದೆ, ಅಗಲವಾಗುತ್ತದೆ, ಅಲುಗಾಟ ಹೆಚ್ಚು ಹೊತ್ತು ನಡೆಯುತ್ತದೆ. ಅದಕ್ಕೇ ಒಂದು ಮ್ಯಾಗ್ನಿಟ್ಯೂಡ್ ಏರಿದರೆ ಅಲೆ 10 ಪಟ್ಟು, ಶಕ್ತಿ 31.6 ಪಟ್ಟು. ಆ 31.6 ಅಂದರೆ ಒಂದೂವರೆ ಹೆಜ್ಜೆ: ಹತ್ತು ಪಟ್ಟು, ಮತ್ತೆ 3.16 ಪಟ್ಟು. ಎರಡು ಮ್ಯಾಗ್ನಿಟ್ಯೂಡ್ ಏರಿದರೆ ಶಕ್ತಿ ಸರಿಯಾಗಿ ಸಾವಿರ ಪಟ್ಟು.

ಇಲ್ಲಿ ಆಗುವ ತಪ್ಪುಗಳಲ್ಲಿ ಮೂರು ಮುಖ್ಯ.

ಒಂದು, ಅಂಕಿಗಳನ್ನು ಭಾಗಿಸುವುದು. 8 ಅನ್ನುವುದು 4ರ ಎರಡು ಪಟ್ಟು ಅಂತ ಬರೆದವರಿದ್ದಾರೆ. ವ್ಯತ್ಯಾಸ ನಾಲ್ಕು ಇದ್ದರೆ ಶಕ್ತಿ ಹತ್ತು ಲಕ್ಷ ಪಟ್ಟು. ಲಾಗ್ ಅಂಕಿಗಳನ್ನು ಕಳೆಯಬೇಕು, ಯಾವತ್ತೂ ಭಾಗಿಸಬಾರದು.

ಎರಡು, ಬೇರೆ ಬೇರೆ ಅಳತೆಗಳ ಅಂಕಿಗಳನ್ನು ಬೆರೆಸುವುದು. ಭುಜ್ ಭೂಕಂಪಕ್ಕೆ ನಮ್ಮಲ್ಲಿ ಮೊದಲು ಪ್ರಕಟವಾದ ಅಂಕಿ 6.9. ಹೊರಗಿನ ಸಂಸ್ಥೆಗಳು 7.6, 7.7 ಎಂದವು. 0.8 ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ ಶಕ್ತಿಯಲ್ಲಿ ಅದು ಸುಮಾರು 16 ಪಟ್ಟು. ಹಳೆಯ ರಿಕ್ಟರ್ ವಿಧಾನ ತುಂಬಾ ದೊಡ್ಡ ಭೂಕಂಪಗಳಿಗೆ ಒಗ್ಗುವುದಿಲ್ಲ. ಅದು ಅಳೆಯುವುದು ಚುರುಕಾಗಿ ಅಲುಗುವ ಅಲೆಗಳನ್ನು. ಬಿರುಕು ಒಂದು ಮಿತಿ ದಾಟಿ ಬೆಳೆದರೆ ಆ ಅಲೆಗಳ ಎತ್ತರ ಮೇಲೇರುವುದು ನಿಂತುಬಿಡುತ್ತದೆ, ಅಂಕಿ ಕಡಿಮೆ ಬರುತ್ತದೆ. ಹೋಲಿಸುವ ಮೊದಲು ಎರಡೂ ಒಂದೇ ಅಳತೆಯವೇ ಅಂತ ನೋಡಿಕೊಳ್ಳಿ.

ಮೂರು, ಮ್ಯಾಗ್ನಿಟ್ಯೂಡ್ ನೋಡಿ ಹಾನಿಯನ್ನು ಊಹಿಸುವುದು. ಕಿಲ್ಲಾರಿಯದು ಭುಜ್‌ನ 178ರಲ್ಲಿ ಒಂದು ಪಾಲು ಶಕ್ತಿ, ಆದರೂ ಸಾವಿರಾರು ಜನ ಸತ್ತರು. ಕಂಪನ ಹುಟ್ಟಿದ್ದು ನೆಲದಿಂದ ಹೆಚ್ಚು ಆಳದಲ್ಲಲ್ಲ. ಜನ ಮಲಗಿದ್ದ ಹೊತ್ತು. ಕಲ್ಲು ಮಣ್ಣಿನ ದಪ್ಪ ಗೋಡೆಗಳ, ಭಾರದ ಮಾಳಿಗೆಯ ಮನೆಗಳು ಅವರ ಮೇಲೆಯೇ ಕುಸಿದವು. ಒಂದು ಊರಿನಲ್ಲಿ ನೆಲ ಎಷ್ಟು ಅಲುಗಿತು, ಏನೇನು ಬಿದ್ದಿತು ಎಂದು ಹೇಳಲು ಮರ್ಕ್ಯಾಲಿಯಂಥ ಬೇರೆಯೇ ಅಳತೆಗಳಿವೆ. ಅವು ಊರಿಂದೂರಿಗೆ ಬದಲಾಗುತ್ತವೆ. ಮ್ಯಾಗ್ನಿಟ್ಯೂಡ್ ಮಾತ್ರ ಇಡೀ ಭೂಕಂಪಕ್ಕೆ ಒಂದೇ.

ಹಂತ 5: ಸದ್ದಿಗೆ ಬನ್ನಿ

ಸದ್ದು ಅಂದರೆ ಗಾಳಿಯ ಒತ್ತಡದಲ್ಲಿ ಆಗುವ ಸಣ್ಣ ಏರಿಳಿತ. ಚೆನ್ನಾಗಿ ಕೇಳುವ ಕಿವಿಗೆ ತಿಳಿಯುವ ಅತಿ ಸಣ್ಣ ಏರಿಳಿತ ಸುಮಾರು 20 ಮೈಕ್ರೊಪಾಸ್ಕಲ್. ಪಾಸ್ಕಲ್ ಅನ್ನುವುದು ಒತ್ತಡದ ಮಾನ, ಮೈಕ್ರೊ ಅಂದರೆ ಅದರ ಹತ್ತು ಲಕ್ಷದ ಒಂದು ಭಾಗ. ಕಿವಿ ನೋಯಲು ಶುರುವಾಗುವ ಸದ್ದಿನಲ್ಲಿ ಏರಿಳಿತ ಸುಮಾರು 20 ಪಾಸ್ಕಲ್. ಹತ್ತು ಲಕ್ಷ ಪಟ್ಟು. ಸದ್ದು ಹೊತ್ತು ತರುವ ಶಕ್ತಿ ಒತ್ತಡದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಶಕ್ತಿಯಲ್ಲಿ ಅದು ಒಂದು ಲಕ್ಷ ಕೋಟಿ ಪಟ್ಟು. ಹನ್ನೆರಡು ಸೊನ್ನೆ.

ಈ ಹನ್ನೆರಡನ್ನು ಹನ್ನೆರಡು ಬೆಲ್ ಅನ್ನುತ್ತಾರೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರಿನ ಮಾನ ಇದು. ಬೆಲ್ ತುಂಬಾ ದೊಡ್ಡ ಹೆಜ್ಜೆ ಆಯಿತು ಅಂತ ಅದನ್ನು ಹತ್ತು ಭಾಗ ಮಾಡಿ ಡೆಸಿಬಲ್ ಅಂದರು. 20 ಮೈಕ್ರೊಪಾಸ್ಕಲ್‌ಗೆ 0 ಡೆಸಿಬಲ್, 20 ಪಾಸ್ಕಲ್‌ಗೆ 120 ಡೆಸಿಬಲ್.

```
dB = 10 × log(ಶಕ್ತಿ ÷ ಆರಂಭದ ಶಕ್ತಿ)
dB = 20 × log(ಒತ್ತಡ ÷ 20 ಮೈಕ್ರೊಪಾಸ್ಕಲ್)
```

ಒಂದರಲ್ಲಿ 10, ಇನ್ನೊಂದರಲ್ಲಿ 20 ಇರುವುದು ನೋಡಿ ಗಾಬರಿ ಬೇಡ. ವರ್ಗ ಮಾಡುವುದು ಅಂದರೆ ಎರಡು ಸಲ ಗುಣಿಸುವುದು, ಆಗ ಲಾಗ್ ಎರಡು ಪಟ್ಟಾಗುತ್ತದೆ. ಎರಡು ಸೂತ್ರವೂ ಒಂದೇ ಅಂಕಿ ಕೊಡುತ್ತವೆ.

ನಮ್ಮ ಕಿವಿ ಕೂಡ ಪಟ್ಟಿನ ಲೆಕ್ಕವನ್ನೇ ಹಿಡಿಯುತ್ತದೆ. ಶಕ್ತಿ ಹತ್ತು ಪಟ್ಟಾದರೆ, ಅಂದರೆ 10 ಡೆಸಿಬಲ್ ಏರಿದರೆ, ಹೆಚ್ಚಿನವರಿಗೆ ಸದ್ದು ಸುಮಾರು ಎರಡರಷ್ಟು ಜೋರಾದಂತೆ ಕೇಳುತ್ತದೆ. 50ರಿಂದ 60ಕ್ಕೆ ಹೋದರೂ ಅಷ್ಟೇ, 70ರಿಂದ 80ಕ್ಕೆ ಹೋದರೂ ಹೆಚ್ಚುಕಡಿಮೆ ಅಷ್ಟೇ. ಪಾಸ್ಕಲ್‌ನಲ್ಲೇ ಅಂಕಿ ಹೇಳಿದರೆ ಕಿವಿಗೆ ಒಂದೇ ಸಮನಾಗಿ ಕೇಳುವ ಏರಿಕೆಗಳು ಕಾಗದದ ಮೇಲೆ ಅಜಗಜಾಂತರ ಕಾಣುತ್ತವೆ.

*ಎಚ್ಚರ:* 0 ಡೆಸಿಬಲ್ ಅಂದರೆ ನಿಶ್ಶಬ್ದ ಅಲ್ಲ, ಅಳತೆ ಶುರುವಾಗುವ ಜಾಗ ಅಷ್ಟೇ.

ಹಂತ 6: ಸದ್ದುಗಳನ್ನು ಕೂಡಿ, ದೂರ ಹೋಗಿ

ಮೊದಲ ಪ್ಯಾರಾದ ಸ್ಪೀಕರ್‌ಗಳಿಗೆ ಈಗ ಉತ್ತರ ಹೇಳಬಹುದು. ಒಂದೊಂದೇ ಹಾಕಿದಾಗ ನೀವು ನಿಂತ ಜಾಗದಲ್ಲಿ 80 ಡೆಸಿಬಲ್. ಎರಡೂ ಹಾಕಿದರೆ ಶಕ್ತಿ ಎರಡು ಪಟ್ಟು. 2ರ ಲಾಗ್ 0.3, ಅದರ ಹತ್ತರಷ್ಟು 3. ಉತ್ತರ 83 ಡೆಸಿಬಲ್. ಹತ್ತು ಸ್ಪೀಕರ್ ಹಾಕಿದರೆ 90. ಹಬ್ಬದ ಪೆಂಡಾಲಿನಲ್ಲಿ ಒಂದು ಸ್ಪೀಕರ್ ಕಡಿಮೆ ಮಾಡಿದರೂ ಸದ್ದು ಇಳಿದಂತೆ ಅನ್ನಿಸದಿರುವುದು ಇದರಿಂದಲೇ. ಹತ್ತರಲ್ಲಿ ಒಂದು ತೆಗೆದರೆ ಇಳಿಯುವುದು ಅರ್ಧ ಡೆಸಿಬಲ್‌ಗಿಂತಲೂ ಕಡಿಮೆ. ವಾಲ್ಯೂಮ್ ಇಳಿಸಬೇಕು, ಇಲ್ಲ ದೂರ ಇಡಬೇಕು.

ದೂರದ ಲೆಕ್ಕವೂ ಸುಲಭ. ಬಯಲಿನಲ್ಲಿ ಒಂದು ಸ್ಪೀಕರ್ ಇದ್ದರೆ, ದೂರ ಎರಡು ಪಟ್ಟಾದಾಗಲೆಲ್ಲ ಒತ್ತಡ ಅರ್ಧವಾಗುತ್ತದೆ, ಹಾಗಾಗಿ 20 × 0.3, ಅಂದರೆ 6 ಡೆಸಿಬಲ್ ಕಳೆಯಿರಿ. 10 ಮೀಟರ್‌ನಲ್ಲಿ 90 ಇದ್ದರೆ 20 ಮೀಟರ್‌ನಲ್ಲಿ 84, 40ರಲ್ಲಿ 78, 80ರಲ್ಲಿ 72. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು (2000) ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಈ 90 ಇಳಿದು 45 ಆಗಬೇಕಾದರೆ ಎಷ್ಟು ದೂರ ಹೋಗಬೇಕು?

```
90 − 45 = 45
45 ÷ 20 = 2.25
10^2.25 = 178 ಪಟ್ಟು
178 × 10 ಮೀಟರ್ = 1780 ಮೀಟರ್
```

ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಊರಿನಲ್ಲಿ ಕಟ್ಟಡಗಳು ಅಡ್ಡ ಬಂದರೆ ಬೇಗ ಇಳಿಯುತ್ತದೆ, ಇಕ್ಕಟ್ಟಾದ ಗಲ್ಲಿಯಲ್ಲಿ ಗೋಡೆಗಳು ಮಾರ್ದನಿಸಿದರೆ ಇಷ್ಟು ಬೇಗ ಇಳಿಯುವುದಿಲ್ಲ. 6 ಡೆಸಿಬಲ್ ಲೆಕ್ಕ ಬಯಲಿಗೆ ಮಾತ್ರ.

ಹಂತ 7: ಸರಾಸರಿ ತೆಗೆಯುವಾಗ ಲಾಗ್ ಬಿಚ್ಚಿ

ಮೊಬೈಲ್ ಆ್ಯಪ್‌ನಲ್ಲಿ ಸದ್ದು ಅಳೆದು ದೂರು ಕೊಡಲು ಹೊರಟವರು ಹೆಚ್ಚಾಗಿ ತಪ್ಪುವುದು ಇಲ್ಲಿ. ನಿಯಮದ ಮಿತಿ ಒಂದು ಕ್ಷಣದ ಅಂಕಿಯ ಮೇಲಲ್ಲ, ಅಷ್ಟು ಹೊತ್ತಿನ ಶಕ್ತಿಯ ಸರಾಸರಿಯ ಮೇಲೆ. ಅದನ್ನು ಮೀಟರ್‌ನಲ್ಲಿ `Leq` ಎಂದು ತೋರಿಸುತ್ತಾರೆ. ಅರ್ಧ ಗಂಟೆ 90 ಡೆಸಿಬಲ್, ಇನ್ನರ್ಧ ಗಂಟೆ 60 ಡೆಸಿಬಲ್ ಇತ್ತು ಅಂದುಕೊಳ್ಳಿ. ಸುಮ್ನೆ ಕೂಡಿ ಎರಡರಿಂದ ಭಾಗಿಸಿದರೆ 75 ಬರುತ್ತದೆ. ಅದು ತಪ್ಪು. ಮೊದಲು ಲಾಗ್ ಬಿಚ್ಚಿ ಶಕ್ತಿಗೆ ಹೋಗಬೇಕು, ಅಲ್ಲಿ ಸರಾಸರಿ ತೆಗೆದು ಮತ್ತೆ ಲಾಗ್‌ಗೆ ಮರಳಬೇಕು.

```
90 dB → 10^9 = 1,00,00,00,000
60 dB → 10^6 = 10,00,000
ಸರಾಸರಿ = 50,05,00,000
10 × log(500500000) = 87 dB
```

75 ಎಲ್ಲಿ, 87 ಎಲ್ಲಿ! ಶಾಂತವಾಗಿದ್ದ ಅರ್ಧ ಗಂಟೆ ಸರಾಸರಿಯನ್ನು 90ರಿಂದ ಬರೀ 3 ಇಳಿಸಿತು. ಭೂಕಂಪದ ಮ್ಯಾಗ್ನಿಟ್ಯೂಡ್‌ಗಳಿಗೂ ಇದೇ ಮಾತು. ಒಂದು 7 ಆದ ಮೇಲೆ ಬರುವ ಹತ್ತು 5ರ ಮರುಕಂಪನಗಳನ್ನು ಒಟ್ಟು ಸೇರಿಸಿದರೂ ಅವು ಮೂಲ ಭೂಕಂಪದ ಶಕ್ತಿಯ ನೂರರಲ್ಲಿ ಒಂದು ಪಾಲು.

ಆ್ಯಪ್ ಬಳಸುವವರಿಗೆ ಇನ್ನೊಂದು ವಿಷಯ. ಅಂಕಿಯ ಪಕ್ಕ `dB(A)` ಎಂದಿದೆಯೇ ನೋಡಿ. ಕಿವಿ ತೀರಾ ತಗ್ಗಿನ ಗುಂಯ್ ಸದ್ದನ್ನು ಅಷ್ಟಾಗಿ ಕೇಳುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿದು ತಿದ್ದಿದ ಅಂಕಿ ಅದು. ನಿಯಮದಲ್ಲಿರುವುದೂ ಅದೇ. ಫೋನಿನ ಮೈಕ್ ಅಳತೆಗೆ ಅಂತ ಮಾಡಿದ್ದಲ್ಲ, ತುಂಬಾ ಜೋರಾದ ಸದ್ದಿಗೆ ಅದು ತಡೆಯುವುದಿಲ್ಲ. ಪರೀಕ್ಷೆ ಮಾಡಿಸಿದ ಮೀಟರ್ ಸಿಕ್ಕರೆ ಎರಡನ್ನೂ ಒಂದೇ ಜಾಗದಲ್ಲಿ ಇಟ್ಟು ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ಆ ಫೋನ್ 5 ಡೆಸಿಬಲ್ ಕಡಿಮೆ ತೋರಿಸುತ್ತಿದ್ದರೆ ನಿಜವಾದ ಶಕ್ತಿ ಅದು ತೋರಿಸುವುದರ ಮೂರು ಪಟ್ಟಿಗಿಂತ ಜಾಸ್ತಿ. 0.5 ಬೆಲ್ ಅಂದರೆ ಅದೇ ಅರ್ಧ ಹೆಜ್ಜೆ, 3.16.